ಬಾಕಿ ಬಿಲ್ಲಿನ ವಸೂಲಿ: ನೆನಪೋಲೆ ಬರೆದ ಮಾತ್ರಕ್ಕೆ ಕಾಲಮಿತಿ ನಿಲ್ಲದು

ಕೊಚ್ಚಿ: ಸರಕು ಕಳಿಸಿ, ಬಿಲ್ಲು ಕಳಿಸಿ, ಆಮೇಲೆ ಹಣದ ದಾರಿ ಕಾಯುವ ಕಷ್ಟ ಹೊರನಾಡ ಕನ್ನಡಿಗ ಉದ್ಯಮಿಗಳಿಗೆ ಹೊಸದಲ್ಲ. ಬಾಕಿ ಉಳಿಸಿಕೊಂಡವರು ಅನೇಕ ವೇಳೆ ಪರಿಚಯದವರೇ ಆಗಿರುತ್ತಾರೆ. ಸಂಘದ ವಾರ್ಷಿಕೋತ್ಸವದಲ್ಲಿ ಪಕ್ಕದ ಕುರ್ಚಿಯಲ್ಲೇ ಕುಳಿತಿರುತ್ತಾರೆ. ಕೇಳಲು ದಾಕ್ಷಿಣ್ಯ, ಕೇಳದಿದ್ದರೆ ನಷ್ಟ. ಹೀಗಾಗಿ ‘ನಿಮಗೆ ಅನುಕೂಲವಾದಾಗ ಕಳಿಸಿಕೊಡಿ’ ಎಂಬ ಒಂದು ಸಾಲಿನ ಓಲೆ ವರ್ಷಗಟ್ಟಲೆ ಹೋಗುತ್ತಲೇ ಇರುತ್ತದೆ. ಬರೆಯುತ್ತಿದ್ದೇವಲ್ಲ, ಹಕ್ಕು ಉಳಿದೇ ಇರುತ್ತದೆ ಎಂಬುದು ಬಹಳ ಮಂದಿಯ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ.

ಕೇರಳದ್ದೇ ಒಂದು ಪ್ರಕರಣ ಇದಕ್ಕೆ ಸಾಕ್ಷಿ. ತಿರುವನಂತಪುರದಲ್ಲಿ ಕೇಂದ್ರ ಕಚೇರಿ ಇರುವ ಕೇರಳ ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೆ (ಕೆಎಸ್‌ಆರ್‌ಟಿಸಿ ಎಂದೊಡನೆ ನಮ್ಮ ಕರ್ನಾಟಕದ ನಿಗಮವೆಂದು ತಿಳಿಯಬಾರದು) ಶಿಲ್ಪಿ ಇಂಡಸ್ಟ್ರೀಸ್ ಮೊದಲಾದ ಸಣ್ಣ ಉದ್ದಿಮೆಗಳು ಬಸ್ಸುಗಳ ಹಳೆ ಟೈರುಗಳನ್ನು ಮತ್ತೆ ಸಜ್ಜುಗೊಳಿಸಲು ಬೇಕಾದ ಸಾಮಗ್ರಿ ಪೂರೈಸಿದ್ದವು. ಸರಕು ತಲುಪಿದಾಗ ಶೇ. 90ರಷ್ಟು ಹಣ, ಸಾಮಗ್ರಿ ಹೇಗೆ ಬಾಳಿಕೆ ಬಂತೆಂಬ ಅಂತಿಮ ವರದಿ ಬಂದ ಮೇಲೆ ಉಳಿದ ಶೇ. 10 ಎಂಬುದು ಒಪ್ಪಂದ. ಆ ಶೇ. 10 ಬರಲಿಲ್ಲ. ಪೂರೈಕೆದಾರರು ಸಣ್ಣ ಉದ್ದಿಮೆಗಳ ಬಾಕಿ ವ್ಯಾಜ್ಯ ನೋಡುವ ಮಂಡಳಿಯ ಮೊರೆ ಹೋದರು. ವ್ಯಾಜ್ಯ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿಗೆ ಬಂತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ನಿಲುವನ್ನೇ ಒಪ್ಪಿತು: ಮಂಡಳಿಯ ಮುಂದೆ ನಡೆಯುವ ಪಂಚಾಯ್ತಿಕೆಗೂ 1963ರ ಕಾಲಮಿತಿ ಕಾಯ್ದೆ ಅನ್ವಯಿಸುತ್ತದೆ. ಸಣ್ಣ ಉದ್ದಿಮೆಗೆಂದೇ ವಿಶೇಷ ಕಾನೂನಿದ್ದರೂ ಹಳೆಯ ಬಾಕಿಗೆ ವಾಯಿದೆಯೇ ಇಲ್ಲವೆಂದು ಹೇಳುವಂತಿಲ್ಲ. 2025ರ ಇನ್ನೊಂದು ತೀರ್ಪಿನಲ್ಲಿ ಸಂಧಾನದ ಹಂತಕ್ಕೆ ಮಾತ್ರ ಕಾಲಮಿತಿ ಅಡ್ಡಿಯಾಗದು ಎಂದು ಅದೇ ನ್ಯಾಯಾಲಯ ಸಡಿಲಿಕೆ ಕೊಟ್ಟಿದೆ. ಆದರೆ ಸಂಧಾನಕ್ಕೆ ಎದುರಿನವರು ಒಪ್ಪಬೇಕಲ್ಲ!

ಮಾರಿದ ಸರಕಿನ ಹಣಕ್ಕೆ ಕಾಲಮಿತಿ ಮೂರು ವರ್ಷ. ಬಿಲ್ಲಿನಲ್ಲಿ ಸಾಲದ ಅವಧಿ ಇದ್ದರೆ ಆ ಅವಧಿ ಮುಗಿದಂದಿನಿಂದ, ಇಲ್ಲದಿದ್ದರೆ ಸರಕು ಒಪ್ಪಿಸಿದಂದಿನಿಂದ ಲೆಕ್ಕ. ನಾವು ಬರೆದ ನೆನಪೋಲೆ ಹತ್ತಿರಲಿ, ನೂರಿರಲಿ, ಈ ಲೆಕ್ಕ ಒಂದು ದಿನವೂ ಮುಂದೆ ಹೋಗದು. ಮುಂದೆ ಹೋಗುವುದು ಎರಡೇ ರೀತಿಯಲ್ಲಿ. ಮೂರು ವರ್ಷ ಮುಗಿಯುವ ಮುಂಚೆ ಬಾಕಿದಾರರು ‘ಇಷ್ಟು ಬಾಕಿ ಇದೆ’ ಎಂದು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಅಥವಾ ಆ ಬಾಕಿಯ ಲೆಕ್ಕಕ್ಕೇ ಒಂದಿಷ್ಟು ಹಣ ಕೊಟ್ಟು ಅದಕ್ಕೆ ತಮ್ಮ ಬರಹದ ಗುರುತು ಉಳಿಸಿದರೆ, ಅಂದಿನಿಂದ ಹೊಸದಾಗಿ ಮೂರು ವರ್ಷ. ಇ-ಮೇಲ್ ಮೂಲಕ ಬಂದ ಒಪ್ಪಿಗೆಯೂ ನಡೆಯುತ್ತದೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿದೆ. ಫೋನಿನ ಮಾತು ನಡೆಯದು.

ಅಂದ ಮೇಲೆ ನೆನಪೋಲೆಯ ನಿಜವಾದ ಕೆಲಸ ಕೇಳುವುದಷ್ಟೇ ಅಲ್ಲ, ಎದುರಿನವರಿಂದ ಒಂದು ಬರಹದ ಉತ್ತರ ಹೊರಡಿಸುವುದು. ಓಲೆಯ ಧಾಟಿ ಮೆತ್ತಗಿರಬೇಕೋ ಬಿಗಿಯಾಗಿರಬೇಕೋ ಎಂಬುದನ್ನೂ ಈ ದೃಷ್ಟಿಯಿಂದಲೇ ನೋಡಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೊಚ್ಚಿಯಲ್ಲಿ ಕನ್ನಡಿಗರೊಬ್ಬರ ಸಣ್ಣ ಮುದ್ರಣಾಲಯ. ‘ಉದ್ಯಮ್’ ನೋಂದಣಿ ಮೊದಲೇ ಆಗಿದೆ. ತಿರುವನಂತಪುರದ ಒಂದು ಕಂಪೆನಿಗೆ 2024ರ ಏಪ್ರಿಲ್ 2ರಂದು ರೂ. 2,00,000 ಬೆಲೆಯ ರಟ್ಟಿನ ಪೆಟ್ಟಿಗೆಗಳು ತಲುಪಿವೆ. ಡೆಲಿವರಿ ಚಲನ್ ಮೇಲೆ ಅವರ ಸಹಿ, ಮೊಹರು ಎರಡೂ ಇವೆ. ಆರ್ಡರಿನಲ್ಲಿ 30 ದಿನಗಳ ವಾಯಿದೆ. ಅಂದರೆ ಮೇ 2ಕ್ಕೆ ಹಣ ಬರಬೇಕಿತ್ತು, ಬರಲಿಲ್ಲ.

ಮೊದಲ ಓಲೆ ಮೇ 6ರ ಸುಮಾರಿಗೆ ಹೋದರೆ ಸಾಕು. ಅದರಲ್ಲಿ ದೂರು ಬೇಡ. ಎಷ್ಟೋ ಬಾರಿ ಬಿಲ್ಲು ಅಕೌಂಟ್ಸ್ ವಿಭಾಗಕ್ಕೆ ತಲುಪಿಯೇ ಇರುವುದಿಲ್ಲ, ಅಥವಾ ಆರ್ಡರ್ ಸಂಖ್ಯೆ ಬರೆದಿಲ್ಲವೆಂದು ಅಲ್ಲೇ ಬಿದ್ದಿರುತ್ತದೆ. ಕೇರಳದಲ್ಲಿ ಇಂಥ ಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಹೋಗುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಅದರ ಧಾಟಿ ಹೀಗೆ: ‘ಮಾನ್ಯರೇ, ಏಪ್ರಿಲ್ 2ರಂದು ತಮಗೆ ತಲುಪಿದ ಸರಕಿನ ಬಿಲ್ಲು ರೂ. 2,00,000 ಮೇ 2ಕ್ಕೆ ಪಾವತಿಯಾಗಬೇಕಿತ್ತು. ಬಹುಶಃ ಕಣ್ತಪ್ಪಿರಬಹುದು. ಬಿಲ್ಲು ಮತ್ತು ಚಲನ್ ಪ್ರತಿ ಲಗತ್ತಿಸಿದೆ. ಹಣ ಯಾವ ದಿನ ಬರುವುದೆಂದು ದಯವಿಟ್ಟು ತಿಳಿಸಿ.’ ಕೊನೆಯ ವಾಕ್ಯವೇ ಮುಖ್ಯ. ‘ಅನುಕೂಲವಾದಾಗ’ ಎಂಬ ಮಾತು ಇಲ್ಲಿ ಬರಕೂಡದು. ಅದು ವಾಯಿದೆಯನ್ನು ನಾವೇ ಸಡಿಲಿಸಿದಂತೆ.

ಎರಡು ವಾರ ಕಳೆದರೂ ಸುದ್ದಿ ಇಲ್ಲದಿದ್ದರೆ ಎರಡನೆಯ ಓಲೆ. ಇದಕ್ಕೆ ಖಾತೆಯ ವಿವರ ಲಗತ್ತಿಸಿ, ‘ನಮ್ಮ ಪುಸ್ತಕದ ಪ್ರಕಾರ ತಮ್ಮಿಂದ ರೂ. 2,00,000 ಬರಬೇಕು. ತಮ್ಮ ಲೆಕ್ಕಕ್ಕೆ ತಾಳೆಯಾಗುತ್ತಿದೆಯೇ, ಸರಕಿನ ಬಗ್ಗೆ ಏನಾದರೂ ತಕರಾರಿದೆಯೇ ಎಂದು ಬರೆದು ತಿಳಿಸಿ’ ಎಂದು ಕೇಳಬೇಕು. ಮರ್ಯಾದೆಯ ಪ್ರಶ್ನೆಯೇ ಸರಿ, ಆದರೆ ಇದರ ಎರಡೂ ಉತ್ತರ ಉಪಯೋಗಕ್ಕೆ ಬರುತ್ತವೆ. ‘ಸರಿಯಿದೆ, ಓಣಂ ಕಳೆದ ಮೇಲೆ ಕೊಡುತ್ತೇವೆ’ ಎಂದು ಮೇಲ್ ಬಂದರೆ ಹಣ ತಡವಾದರೂ ಬಾಕಿ ಒಪ್ಪಿದ ಬರಹ ಕೈಗೆ ಬಂತು. ಪೆಟ್ಟಿಗೆ ಚೆನ್ನಾಗಿರಲಿಲ್ಲವೆಂದು ಈಗ ಬರೆದರೆ ಅದಕ್ಕೂ ಉತ್ತರವಿದೆ. ಸರಕು ತಲುಪಿದ 15 ದಿನಗಳೊಳಗೆ ಬರಹದಲ್ಲಿ ಆಕ್ಷೇಪಣೆ ಬರದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನವೆಂದು 2006ರ ಸಣ್ಣ ಉದ್ದಿಮೆಗಳ ಕಾಯ್ದೆ ಹೇಳುತ್ತದೆ. ಶಿಲ್ಪಿ ಪ್ರಕರಣದಂತೆ ‘ವರದಿ ಬಂದ ಮೇಲೆ ಶೇ. 10’ ಎಂಬ ಷರತ್ತಿದ್ದರೆ ವರದಿ ಯಾವಾಗ ಬರುತ್ತದೆಂದು ಇದೇ ಓಲೆಯಲ್ಲಿ ಕೇಳಿಬಿಡಬೇಕು. ಬಾರದ ವರದಿಗಾಗಿ ಸುಮ್ಮನೆ ಕಾಯುತ್ತ ಕುಳಿತರೆ ವರ್ಷಗಳು ಉರುಳುತ್ತವೆ.

ಮೂರನೆಯದು ಜೂನ್ ಮಧ್ಯದಲ್ಲಿ. ಇಲ್ಲಿ ದನಿ ಬದಲಾಗಬೇಕು. ಕಾಯ್ದೆಯ ಹೆಸರು, ‘ಉದ್ಯಮ್’ ನೋಂದಣಿ ಸಂಖ್ಯೆ, ಬಡ್ಡಿ ಶುರುವಾದ ದಿನಾಂಕ ಮೂರೂ ಬರಬೇಕು. ಬರಹದ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ 45 ದಿನಗಳಾಚೆ ಬಾಕಿ ಉಳಿಸಿಕೊಳ್ಳುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2024ರಲ್ಲಿ ಬ್ಯಾಂಕ್ ದರ ಶೇ. 6.75 ಇತ್ತು. ಮೂರು ಪಟ್ಟೆಂದರೆ ವರ್ಷಕ್ಕೆ ಶೇ. 20.25. ನಮ್ಮ ಮುದ್ರಣಾಲಯದ ಬಾಕಿಗೆ ಮೇ 3ರಿಂದ ಮೊದಲ ತಿಂಗಳ ಬಡ್ಡಿ ರೂ. 3,375. ಮೂರು ತಿಂಗಳಾಗುವಾಗ ಒಟ್ಟು ಸುಮಾರು ರೂ. 10,297. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬಿಡಿಸಿ ಲಗತ್ತಿಸಿದರೆ ಸಿಟ್ಟಿನ ಹತ್ತು ಸಾಲಿಗಿಂತ ಹೆಚ್ಚು ಕೆಲಸವಾಗುತ್ತದೆ. ಬಡ್ಡಿ ಬಿಡುತ್ತೇವೆಂದು ಈಗಲೇ ಬರೆಯುವುದು ಬೇಡ. ಬಿಡುವುದಿದ್ದರೆ ಅಸಲು ಕೈಗೆ ಬಂದಂದು ಬಿಡಬಹುದು.

ಕಂಪೆನಿಯ ಅಕೌಂಟೆಂಟರಿಗೆ ನಾಟುವ ಇನ್ನೊಂದು ಮಾತೂ ಇದೆ. ಸೂಕ್ಷ್ಮ, ಸಣ್ಣ ಉದ್ದಿಮೆಗೆ ವಾಯಿದೆಯೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಕಡಿಮೆ ಮಾಡಿಕೊಳ್ಳುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲೇ ತೋರಿಸಬೇಕು. 2023-24ರ ಲೆಕ್ಕದಿಂದ ಜಾರಿಗೆ ಬಂದ ನಿಯಮವಿದು. ವಾಯಿದೆ ಮೀರಿದ್ದರೂ ಮಾರ್ಚ್ 31ರೊಳಗೆ ಕೊಟ್ಟರೆ ಅವರಿಗೆ ತೊಂದರೆಯಿಲ್ಲ. ಹಾಗಾಗಿ ಹಳೆಯ ಬಾಕಿಯ ಓಲೆ ಫೆಬ್ರವರಿಯಲ್ಲಿ ಹೋದರೆ ಅದಕ್ಕೆ ಬೆಲೆ ಹೆಚ್ಚು.

ಕೊನೆಯ ಓಲೆ ಜುಲೈನಲ್ಲಿ, ಸ್ಪೀಡ್ ಪೋಸ್ಟಿನಲ್ಲಿ ಮತ್ತು ಮೇಲ್‌ನಲ್ಲಿ ಎರಡೂ ಕಡೆ. ಅಸಲೆಷ್ಟು, ಅಂದಿನವರೆಗಿನ ಬಡ್ಡಿ ಎಷ್ಟು, ಯಾವ ದಿನಾಂಕದೊಳಗೆ ಕೊಡಬೇಕು, ಕೊಡದಿದ್ದರೆ ಮಂಡಳಿಗೆ ಅರ್ಜಿ ಎಂಬಷ್ಟೇ ಸಾಕು. ಗುಂಪಿನ ವಾಟ್ಸ್ಆಪ್‌ನಲ್ಲಿ ಹಾಕುತ್ತೇವೆ, ಸಂಘದ ಸಭೆಯಲ್ಲಿ ಎತ್ತುತ್ತೇವೆ ಎಂಬ ಬೆದರಿಕೆ ಬರೆದರೆ ನಾಳೆ ಅದೇ ಕಾಗದ ನಮ್ಮ ವಿರುದ್ಧ ನಿಲ್ಲುತ್ತದೆ. ಬರೆದ ಮೇಲೆ ಕೊಟ್ಟ ದಿನಾಂಕವನ್ನು ನಾವೂ ಮೀರಬಾರದು. ‘ಇದೇ ಕೊನೆ’ ಎಂದು ಮೂರು ಬಾರಿ ಬರೆದವರ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಅರ್ಜಿಯನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು. ಬಾಕಿದಾರರು ದೇಶದ ಯಾವ ಊರಿನಲ್ಲಿದ್ದರೂ ಪೂರೈಕೆದಾರರ ರಾಜ್ಯದ ಮಂಡಳಿಗೇ ಅಧಿಕಾರ. ಕಾಸರಗೋಡಿನ ಉದ್ದಿಮೆ ಮುಂಬಯಿಯ ಕಂಪೆನಿಯ ಮೇಲೂ ಕೇರಳದಲ್ಲೇ ದೂರಬಹುದು. ಮೊದಲು ಸಂಧಾನ, ಆಗದಿದ್ದರೆ ಪಂಚಾಯ್ತಿಕೆ. ತೀರ್ಪು ಪ್ರಶ್ನಿಸಿ ಕೋರ್ಟಿಗೆ ಹೋಗುವ ಬಾಕಿದಾರರು ಶೇ. 75ರಷ್ಟು ಹಣ ಠೇವಣಿ ಇಡಬೇಕು. 90 ದಿನಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದಾದರೂ ಅಷ್ಟರಲ್ಲಿ ಮುಗಿಯುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು. ‘ಉದ್ಯಮ್’ ನೋಂದಣಿ ಸರಕು ಕಳಿಸುವ ಮುಂಚೆಯೇ ಇರಬೇಕೆಂದು ಶಿಲ್ಪಿ ಪ್ರಕರಣದ ತೀರ್ಪು ಹೇಳಿತ್ತು. ಆ ಅಂಶವನ್ನು 2025ರಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ಮೊದಲೇ ಮಾಡಿಸಿಟ್ಟವರಿಗೆ ಆ ಚಿಂತೆಯಿಲ್ಲ.

ಬಾಕಿಯಲ್ಲಿ ಒಂದು ಭಾಗ ಬಂದಾಗಲೂ ಎಚ್ಚರ ಬೇಕು. ಸೆಪ್ಟೆಂಬರಿನಲ್ಲಿ ತಿರುವನಂತಪುರದವರು ರೂ. 1,50,000 ಬ್ಯಾಂಕಿಗೆ ಹಾಕಿ, ‘ಲೆಕ್ಕ ಚುಕ್ತಾ’ ಎಂಬ ರಸೀದಿಗೆ ಸಹಿ ಕೇಳಿದರೆ ಕೊಡಬಾರದು. ‘ಬಾಕಿಯ ಲೆಕ್ಕಕ್ಕೆ ಬಂತು, ಇನ್ನು ರೂ. 50,000 ಮತ್ತು ಬಡ್ಡಿ ಉಳಿದಿದೆ’ ಎಂದು ಅಂದೇ ಬರೆದು, ಯಾವ ಬಿಲ್ಲಿಗೆ ಹಾಕಿದ ಹಣವೆಂದು ಅವರಿಂದ ಒಂದು ಸಾಲಿನ ಮೇಲ್ ತರಿಸಿಕೊಳ್ಳಬೇಕು. ಆ ಸಾಲು ಬಂದರೆ 2027ರ ಮೇ ಆರಂಭಕ್ಕೆ ಮುಗಿಯಬೇಕಿದ್ದ ವಾಯಿದೆ ಸೆಪ್ಟೆಂಬರಿಗೆ ಹೋಗುತ್ತದೆ.

ಈ ದಾರಿ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಿಂದ ‘ಉದ್ಯಮ್’ ನೋಂದಣಿ ಸಿಗುತ್ತಿದೆಯಾದರೂ ಅದು ಬ್ಯಾಂಕ್ ಸಾಲದ ಅನುಕೂಲಕ್ಕಷ್ಟೇ, ಮೂರು ಪಟ್ಟು ಬಡ್ಡಿಯಾಗಲಿ ಮಂಡಳಿಯಾಗಲಿ ಅವರಿಗಿಲ್ಲ. ದಿನಸಿ, ಬಟ್ಟೆ, ಹಾರ್ಡ್‌ವೇರ್ ವ್ಯಾಪಾರದವರು ತಡವಾದರೆ ಬಡ್ಡಿ ಎಷ್ಟೆಂಬುದನ್ನು ಆರ್ಡರಿನಲ್ಲೇ ಒಪ್ಪಿಸಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಬೇಕು. ನೆನಪೋಲೆಯ ಕ್ರಮ ಅವರಿಗೂ ಇದೇ. ಕೊನೆಯ ಓಲೆಯಲ್ಲಿ ಮಾತ್ರ ಮಂಡಳಿಯ ಬದಲು ಸಿವಿಲ್ ದಾವೆ ಎಂದು ಬರೆಯಬೇಕಾಗುತ್ತದೆ.