ಲೆಕ್ಕಕ್ಕೂ ಮೊದಲು ಹದ

100x + y = 108, x + y = 9. ಹೈಸ್ಕೂಲಿನ ಮಕ್ಕಳೂ ಬಿಡಿಸುವ ಜೋಡಿ ಇದು: x = 1, y = 8. ಆದರೆ ಸೇತುವೆಯ ಮೇಲಿನ ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವಾಗ ಇಂಥ ಸಮೀಕರಣಗಳು ಲಕ್ಷಗಟ್ಟಲೆ ಬರಬಹುದು. ಒಂದೊಂದೇ ಅಕ್ಷರವನ್ನು ತೊಡೆದುಹಾಕುತ್ತ ಹೋಗುವ ಶಾಲೆಯ ವಿಧಾನ ಹಿಡಿದರೆ, ಸೊನ್ನೆ ಇದ್ದಲ್ಲೆಲ್ಲ ಹೊಸ ಅಂಕಿಗಳು ಹುಟ್ಟಿ ಮೆಮೊರಿ ತುಂಬಿಹೋಗುತ್ತದೆ.

ಅಲ್ಲಿ ನೆರವಿಗೆ ಬರುವುದು ಕ್ರಿಲೋವ್ ವಿಧಾನಗಳು. 1931ರಲ್ಲಿ ಇದರ ಮೂಲ ವಿಚಾರವನ್ನು ಪ್ರಕಟಿಸಿದ ರಷ್ಯದ ನೌಕಾ ಎಂಜಿನಿಯರ್ ಅಲೆಕ್ಸಿ ಕ್ರಿಲೋವ್ ಅವರ ಹೆಸರೇ ಇವಕ್ಕೆ ನಿಂತಿದೆ. ಒಂದು ಊಹೆಯಿಂದ ಹೊರಟು, ಎಷ್ಟು ಕೊರತೆ ಉಳಿಯಿತೆಂದು ನೋಡಿ, ಆ ಕೊರತೆ ತೋರಿಸಿದ ದಿಕ್ಕಿನಲ್ಲಿ ಹೆಜ್ಜೆ ಇಡುವುದು ಇವುಗಳ ರೀತಿ. 1952ರಲ್ಲಿ ಹೆಸ್ಟೆನೆಸ್ ಮತ್ತು ಸ್ಟೀಫೆಲ್ ವಿವರಿಸಿದ ಕಾಂಜುಗೇಟ್ ಗ್ರೇಡಿಯಂಟ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು.

ನಮ್ಮ ಜೋಡಿಯಲ್ಲೇ ನೋಡಬಹುದು. ಮೊದಲ ಊಹೆ (0, 0) ಎಂದಿಟ್ಟುಕೊಂಡರೆ ಕೊರತೆ (108, 9). ಈ ದಿಕ್ಕು ಬಹುಪಾಲು x ಕಡೆಗೇ ವಾಲಿದೆ. ಹೆಜ್ಜೆಯ ಅಳತೆ, ವಿಧಾನದ ಸೂತ್ರದಂತೆ, 11745 / 1168425, ಅಂದರೆ ಸುಮಾರು 0.01. ಹೆಜ್ಜೆ ಇಟ್ಟ ಮೇಲೆ ಸಿಗುವುದು x = 1.09, y = 0.09. ಎಂಟಾಗಬೇಕಿದ್ದ y ಕದಲಿಯೇ ಇಲ್ಲವೆನ್ನಬೇಕು. ಮೊದಲ ಸಮೀಕರಣದ 100 ಎಂಬ ಗುಣಕ ಅಷ್ಟು ಜೋರಾಗಿ ಕೂಗುತ್ತಿದೆ!

ಪ್ರೀಕಂಡೀಷನಿಂಗ್ ಎಂದರೆ ಹೊರಡುವ ಮುನ್ನ ಲೆಕ್ಕವನ್ನು ಹದಮಾಡಿಕೊಳ್ಳುವುದು. ಅತಿ ಸರಳವಾದ ಹದ ಯಾಕೋಬಿ ಹೆಸರಿನದು: ಪ್ರತಿ ಸಾಲಿನ ಕೊರತೆಯನ್ನು ಆ ಸಾಲಿನ ಕರ್ಣದ ಗುಣಕದಿಂದ ಭಾಗಿಸಿದರಾಯಿತು. 108ನ್ನು 100ರಿಂದ, 9ನ್ನು 1ರಿಂದ ಭಾಗಿಸಿದಾಗ ದಿಕ್ಕು (1.08, 9) ಆಗುತ್ತದೆ. ಈಗ ಹೆಜ್ಜೆ 197.64 / 217.08, ಸುಮಾರು 0.91. ಸಿಗುವುದು x = 0.98, y = 8.19. ಒಂದೇ ಹೆಜ್ಜೆಗೆ ಉತ್ತರದ ಬಾಗಿಲಿಗೆ ಬಂದಾಯಿತು.

ಲೆಕ್ಕ ಎಷ್ಟು ಎಳೆದಾಡಿಸಬಹುದು ಎನ್ನುವುದಕ್ಕೆ ಕಂಡೀಷನ್ ನಂಬರ್ ಎಂಬ ಅಳತೆಯಿದೆ. ಇಲ್ಲಿ ಅದು ಸುಮಾರು 101ರಿಂದ 1.22ಕ್ಕೆ ಇಳಿಯಿತು. ಎರಡೇ ಅಕ್ಷರಗಳಿರುವುದರಿಂದ ಹದಮಾಡದಿದ್ದರೂ ಎರಡನೆಯ ಹೆಜ್ಜೆಗೆ ಉತ್ತರ ಸಿಗುತ್ತಿತ್ತು, ನಿಜ. ಲಕ್ಷ ಅಕ್ಷರಗಳಿರುವಲ್ಲಿ ಲಕ್ಷ ಹೆಜ್ಜೆ ಇಡುತ್ತ ಕೂರಲಾಗದು.

ಯಾಕೋಬಿ ಎಲ್ಲೆಡೆ ನಡೆಯುವುದಿಲ್ಲ. ಕಾದ ಲೋಹದ ತಗಡಿನ ಉಷ್ಣತೆಯನ್ನು ಚೌಕುಳಿಗಳಲ್ಲಿ ಲೆಕ್ಕ ಹಾಕುವಾಗ ಸಾಮಾನ್ಯವಾಗಿ ಕರ್ಣದುದ್ದಕ್ಕೂ 4 ಎಂಬ ಒಂದೇ ಗುಣಕ ಬರುತ್ತದೆ. ಎಲ್ಲವನ್ನೂ 4ರಿಂದ ಭಾಗಿಸಿದರೆ ದಿಕ್ಕು ಕೂದಲೆಳೆಯಷ್ಟೂ ಬದಲಾಗದು. ಅಂಥಲ್ಲಿ ಡಚ್ ಗಣಿತಜ್ಞರಾದ ಮೈಯರಿಂಕ್ ಮತ್ತು ವ್ಯಾನ್ ಡರ್ ವೊರ್ಸ್ಟ್ 1977ರಲ್ಲಿ ಪ್ರಕಟಿಸಿದ ಲೇಖನದ ಅಪೂರ್ಣ ಚೊಲೆಸ್ಕಿ ವಿಧಾನ ಕೆಲಸಕ್ಕೆ ಬರುತ್ತದೆ. ಅದು ಶಾಲೆಯ ತೊಡೆಯುವ ವಿಧಾನವೇ. ಸೊನ್ನೆ ಇದ್ದ ಜಾಗದಲ್ಲಿ ಹುಟ್ಟುವ ಹೊಸ ಅಂಕಿಗಳನ್ನು ಮಾತ್ರ ಬಿಟ್ಟುಬಿಡುತ್ತದೆ. ಕೆಲವು ಲೆಕ್ಕಗಳಲ್ಲಿ ವರ್ಗಮೂಲದ ಒಳಗೆ ಋಣ ಸಂಖ್ಯೆ ಬಂದು ಅದೂ ಮುರಿದುಬೀಳುವುದುಂಟು.

ಹದ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಹೆಜ್ಜೆಗಳನ್ನಷ್ಟೇ ಎಣಿಸಬಾರದು. ಹದಮಾಡಲು ಹಿಡಿದ ಸಮಯವನ್ನೂ ಸೇರಿಸಿ ಒಟ್ಟು ಸಮಯ ನೋಡಬೇಕು. ಕೊನೆಗೆ ಬಂದ ಉತ್ತರವನ್ನು ಮೂಲ ಸಮೀಕರಣಗಳಿಗೇ ಹಾಕಿ ತಾಳೆ ನೋಡಿ. ಹದಮಾಡಿದ ಕೊರತೆ ಚಿಕ್ಕದಾಗಿ ಕಂಡರೂ ಮೂಲದ ಕೊರತೆ ದೊಡ್ಡದಾಗಿಯೇ ಉಳಿದಿರಬಹುದು.