ಒಪ್ಪಿಗೆಯಾದ ದೃಶ್ಯಕ್ಕೆ ಬೀಗ

ಹಾಲು ಒಕ್ಕೂಟವೊಂದಕ್ಕೆ ಮೂರು ನಿಮಿಷದ ಚಿತ್ರ ಬರೆಯುತ್ತಿದ್ದೆ. ವಿಷಯ: ಶುದ್ಧವಾಗಿ ಹಾಲು ಕರೆಯುವ ಬಗೆ. ಎಡಗಡೆ ದೃಶ್ಯ, ಬಲಗಡೆ ಮಾತು, ಒಟ್ಟು ಒಂಬತ್ತು ದೃಶ್ಯ. ಮೂರನೇ ಕರಡಿನ ಹೊತ್ತಿಗೆ 1, 2, 5 ಮತ್ತು 8ಕ್ಕೆ ಎಲ್ಲರ ಒಪ್ಪಿಗೆ ಸಿಕ್ಕಿತ್ತು. ಉಳಿದವುಗಳ ಬಗ್ಗೆ ಪಶುವೈದ್ಯರು, ಪ್ರಚಾರ ವಿಭಾಗ, ಮ್ಯಾನೇಜರು ಮೂವರೂ ಬರೆದು ಕಳಿಸಿದರು.

ತಿದ್ದುವ ಮೊದಲು ನಾನು ನೋಡುವುದು, ಟಿಪ್ಪಣಿ ಯಾವ ಕರಡಿನ ಮೇಲೆ ಬಿದ್ದಿದೆ ಎಂಬುದನ್ನು. ಮ್ಯಾನೇಜರು ಪೆನ್ನು ಓಡಿಸಿದ್ದು ಎರಡನೇ ಕರಡಿನ ಪ್ರಿಂಟಿನ ಮೇಲೆ. ಅವರು ಎರಡನೇ ದೃಶ್ಯದಲ್ಲಿ ತಿದ್ದಿದ್ದ ಸಾಲು ಮೂರನೇ ಕರಡಿನಲ್ಲಿ ಇರಲೇ ಇಲ್ಲ. ಕಣ್ಣು ಮುಚ್ಚಿ ಸೇರಿಸಿದ್ದರೆ, ಎಲ್ಲರೂ ಸೇರಿ ಕೈಬಿಟ್ಟ ಸಾಲು ತಿರುಗಿ ಬಂದು ಕೂತಿರುತ್ತಿತ್ತು. ಒಪ್ಪಿಗೆಯಾದ ಭಾಗ ಕಳೆದುಹೋಗುವುದು ಹೆಚ್ಚಾಗಿ ಹೀಗೇ, ಯಾರ ಕೆಟ್ಟ ಉದ್ದೇಶವೂ ಇಲ್ಲದೆ.

ಆಮೇಲೆ ಎಲ್ಲ ಟಿಪ್ಪಣಿಗಳನ್ನೂ ದೃಶ್ಯದ ಸಂಖ್ಯೆಯ ಪ್ರಕಾರ ಒಂದೇ ಪಟ್ಟಿಗೆ ಇಳಿಸಿದೆ. ನಾಲ್ಕನೇ ದೃಶ್ಯದಲ್ಲಿ ಜಗಳ ಕಂಡಿತು. ಹಾಲು ಕರೆದ ಮೇಲೆ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು, ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವ ತನಕ, ಸುಮಾರು ಅರ್ಧ ಗಂಟೆ, ಹಸು ಮಲಗಬಾರದು, ಇದನ್ನು ವಿವರವಾಗಿ ಹೇಳಿ ಎಂದು ಪಶುವೈದ್ಯರು. ಚಿತ್ರ ಉದ್ದವಾಯಿತು, ಈ ದೃಶ್ಯವನ್ನೇ ತೆಗೆಯಿರಿ ಎಂದು ಪ್ರಚಾರದವರು. ಒಬ್ಬರಿಗೆ ಬೇಕಾದ್ದು ಮಾಹಿತಿ, ಇನ್ನೊಬ್ಬರಿಗೆ ಸಮಯ. ಅದ್ದುವುದನ್ನು ಎಡಗಡೆಗೆ ಸರಿಸಿ ಬರೀ ತೋರಿಸಿದೆ, ಬಲಗಡೆ ಒಂದೇ ಸಾಲು ಉಳಿಸಿದೆ. ಇಬ್ಬರೂ ಒಪ್ಪಿದರು.

ಎಲ್ಲವೂ ಹೀಗೆ ಕೂಡಿಬರುವುದಿಲ್ಲ. ಆರನೇ ದೃಶ್ಯದಲ್ಲಿ ‘ರೈತರು’ ಎನ್ನಬೇಕೋ ‘ಹಾಲು ಉತ್ಪಾದಕರು’ ಎನ್ನಬೇಕೋ ಎಂಬ ತಕರಾರಿಗೆ ನಡುದಾರಿ ಇಲ್ಲ. ಅಲ್ಲಿ ಬರೆಯುವವನು ಪಂಚಾಯಿತಿಗೆ ಕೂರಬಾರದು. ಎರಡೂ ಸಾಲು ಬರೆದು, ‘ಯಾವುದು?’ ಎಂದು ಮ್ಯಾನೇಜರನ್ನು ಕೇಳಿದೆ. ಉತ್ತರವನ್ನು ತಾರೀಖಿನ ಸಮೇತ ಪಟ್ಟಿಯಲ್ಲಿ ಬರೆದಿಟ್ಟೆ.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಒಪ್ಪಿಗೆಯಾಗಿದ್ದ ಎಂಟನೇ ದೃಶ್ಯದಲ್ಲಿ, ಹಾಲು ಕರೆದಾದ ಕೂಡಲೇ ಹಸು ಮಲಗಿ ಮೆಲುಕು ಹಾಕುತ್ತಿತ್ತು! ನಾಲ್ಕನೆಯದರಲ್ಲಿ ಉಳಿಸಿಕೊಂಡ ಮಾತಿಗೆ ಇದು ನೇರ ವಿರುದ್ಧ. ಸದ್ದಿಲ್ಲದೆ ತಿದ್ದುವ ಆಸೆಯೇನೋ ಆಯಿತು. ಆದರೆ ಬೀಗ ಹಾಕಿದ ದೃಶ್ಯವನ್ನು ಒಪ್ಪಿದವರ ಮುಂದೆಯೇ ತೆರೆಯಬೇಕು. ‘ಹಸು ನಿಂತು ಮೇವು ತಿನ್ನುತ್ತಿದೆ’ ಎಂಬ ಬದಲಾವಣೆಯನ್ನು ಕಾರಣದ ಜೊತೆ ಬೇರೆಯಾಗಿ ಕಳಿಸಿದೆ. ಮೇವು ಮುಂದಿದ್ದರೆ ಹಸು ಹೇಗೂ ನಿಂತೇ ಇರುತ್ತದೆ.

ಚಿತ್ರರಂಗದಲ್ಲಿ ಇದಕ್ಕೊಂದು ಹಳೆಯ ಪದ್ಧತಿ ಇದೆ. ಸಂಖ್ಯೆ ಗಟ್ಟಿಯಾದ ಮೇಲೆ ಹೊಸ ದೃಶ್ಯ ಬಂದರೆ ಅದು 4ಎ ಆಗುತ್ತದೆ, ತೆಗೆದ ದೃಶ್ಯದ ಸಂಖ್ಯೆ ‘ಕೈಬಿಟ್ಟಿದೆ’ ಎಂಬ ಗುರುತಿನೊಡನೆ ಹಾಗೇ ಉಳಿಯುತ್ತದೆ. ಇಲ್ಲದಿದ್ದರೆ ನಿನ್ನೆ ಒಪ್ಪಿದ ‘ಎಂಟು’ ಇವತ್ತು ‘ಏಳು’ ಆಗಿ, ಪಟ್ಟಿಯೇ ಸುಳ್ಳಾಗುತ್ತದೆ.

ಕಳಿಸುವ ಮುನ್ನ ವರ್ಡ್‌ನ Compare ಒತ್ತಿ ಮೂರನೆಯ ಮತ್ತು ನಾಲ್ಕನೆಯ ಕರಡನ್ನು ತಾಳೆ ನೋಡಿದೆ. 1, 2, 5ರಲ್ಲಿ ಬಣ್ಣ ಕಾಣಬಾರದಿತ್ತು. ಐದರಲ್ಲಿ ಒಂದು ಕಡೆ ಕಂಡಿತು: ‘ರೈತರು’ ಎಂಬುದನ್ನು ಎಲ್ಲ ಕಡೆ ಒಟ್ಟಿಗೆ ಬದಲಿಸಿದಾಗ ಅಲ್ಲಿಗೂ ನುಗ್ಗಿತ್ತು.