ಬೀಗದ ಕೈ ಸಿಗುವ ದಿನದ ಲೆಕ್ಕ

ನಮ್ಮ ಶಿರಹಟ್ಟಿಯಲ್ಲಿ ಮನೆ ಬಾಡಿಗೆಗೆ ಸಿಗುವ ರೀತಿ ಇಂದಿಗೂ ಸರಳವಾಗಿದೆ. ಫಕೀರೇಶ್ವರ ಮಠದ ಆಸುಪಾಸಿನ ಓಣಿಗಳಲ್ಲಿ ಯಾವ ಮನೆ ಖಾಲಿಯಾಯಿತು ಎಂಬುದು ಕಿರಾಣಿ ಅಂಗಡಿಯವರಿಗೆ, ಹಾಲು ಹಾಕುವವರಿಗೆ ಮೊದಲೇ ತಿಳಿದಿರುತ್ತದೆ. ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕರೋ ಬ್ಯಾಂಕಿನ ಗುಮಾಸ್ತರೋ ಅವರನ್ನು ಕೇಳುತ್ತಾರೆ. ಮಾಲೀಕರ ಮನೆಯಲ್ಲಿ ಚಹಾ ಕುಡಿಯುವಷ್ಟರಲ್ಲಿ ಮಾತು ಮುಗಿಯುತ್ತದೆ. ಒಂದೆರಡು ತಿಂಗಳ ಬಾಡಿಗೆ ಮುಂಗಡ ಕೊಟ್ಟರೆ ಬೀಗದ ಕೈ ಸಿಗುತ್ತದೆ. ಮನೆ ತೋರಿಸಿದವರಿಗೆ ಹಣ ಕೊಡುವ ಮಾತೇ ಬರುವುದಿಲ್ಲ.

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನಾನು ವಸತಿಗೃಹಗಳಲ್ಲಿಯೇ ಕಳೆದೆ. ಹೀಗಾಗಿ ಮಹಾನಗರದಲ್ಲಿ ಬಾಡಿಗೆ ಮನೆ ಹಿಡಿಯುವುದಕ್ಕೆ ಏನೇನು ಬೇಕು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದೂ ನಾನು ಲೆಕ್ಕ ಹಾಕಿ ನೋಡಿರಲಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ನನ್ನ ತಮ್ಮನ ಮಗ ಆ ಸಂದರ್ಭ ಒದಗಿಸಿದ. ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಅವನಿಗೆ ಕೈಗೆ 45,000 ರೂಪಾಯಿ ಸಂಬಳ. ಎರಡು ವರ್ಷ ಪೇಯಿಂಗ್ ಗೆಸ್ಟ್ ಆಗಿದ್ದವನು ಮದುವೆ ಗೊತ್ತಾದ್ದರಿಂದ ಮನೆ ಹುಡುಕಿದ. ತಿಂಗಳಿಗೆ 20,000 ರೂಪಾಯಿ ಬಾಡಿಗೆ, 2,000 ರೂಪಾಯಿ ನಿರ್ವಹಣಾ ವೆಚ್ಚದ ಮನೆಯೊಂದು ಒಪ್ಪಿಗೆಯಾಯಿತು. ಸಂಬಳದ ಅರ್ಧಕ್ಕಿಂತ ಕಡಿಮೆ ಬಾಡಿಗೆ, ಹೇಗೋ ನಿಭಾಯಿಸಬಹುದು ಎಂದು ನಾವೆಲ್ಲ ಅಂದುಕೊಂಡೆವು.

ನಾಲ್ಕು ದಿನ ಕಳೆದ ಮೇಲೆ ತಮ್ಮ ನನ್ನ ಮನೆಗೆ ಬಂದ. ಹೆಸರುಕಾಳನ್ನು ಗದಗದ ಎ.ಪಿ.ಎಂ.ಸಿ.ಗೆ ಹಾಕಿ ಬಂದ ಹಣದಲ್ಲಿ 90,000 ರೂಪಾಯಿಯನ್ನು ಹಿಂಗಾರಿ ಬಿತ್ತನೆಗೆಂದು ತೆಗೆದಿಟ್ಟಿದ್ದ. ಕಡಲೆ ಬೀಜ, ಗೊಬ್ಬರ, ಟ್ರ್ಯಾಕ್ಟರಿನ ಬಾಡಿಗೆ, ಕೂಲಿ ಎಲ್ಲವೂ ಅದರಲ್ಲಿಯೇ ಆಗಬೇಕು. ಮಗ ಅಷ್ಟನ್ನೂ ಕೇಳಿದ್ದ. "ಅಣ್ಣಾ, ಬಾಡಿಗಿ ಇಪ್ಪತ್ತು ಸಾವಿರ ಅಂತಾನ. ತನ್ನ ಹತ್ರ ತೊಂಬತ್ತೈದು ಸಾವಿರ ಐತಿ ಅಂತಾನ. ಮತ್ತ ನನ್ನ ತೊಂಬತ್ತು ಯಾಕ ಬೇಕು?" ಎಂಬುದು ಅವನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಫೋನಿನಲ್ಲಿ ಹುಡುಗನನ್ನು ಹಿಡಿದು ಒಂದೊಂದೇ ಬಾಬನ್ನು ಬರೆಸಿಕೊಂಡೆ.

ಠೇವಣಿ ಆರು ತಿಂಗಳ ಬಾಡಿಗೆ, 1,20,000 ರೂಪಾಯಿ. ಮಾಲೀಕರು ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳದ್ದು ಕೇಳಿ, ಕೊನೆಗೆ ಆರಕ್ಕೆ ಇಳಿದಿದ್ದರು. ಮೊದಲ ತಿಂಗಳ ಬಾಡಿಗೆ ಮತ್ತು ನಿರ್ವಹಣೆ 22,000. ದಲ್ಲಾಳಿಗೆ "ಒಂದು ತಿಂಗಳದ್ದು ಮತ್ತು ಜಿ.ಎಸ್.ಟಿ." ಎಂದು 25,960. ಕರಾರುಪತ್ರದ ಇ-ಸ್ಟಾಂಪು, ಟೈಪಿಂಗ್, ನೋಟರಿ ಸೇರಿ 1,500. ಸಾಮಾನು ಸಾಗಿಸುವ ಟೆಂಪೊಗೆ 4,000. ಗ್ಯಾಸ್, ಹಾಸಿಗೆ, ಬಕೆಟ್ಟು, ಪರದೆ ಮುಂತಾಗಿ ಮೊದಲ ದಿನವೇ ಬೇಕಾದ ವಸ್ತುಗಳಿಗೆ 12,000. ಒಟ್ಟು 1,85,460 ರೂಪಾಯಿ. ತಿಂಗಳಿಗೆ 20,000 ರೂಪಾಯಿಯ ಮನೆಯ ಬಾಗಿಲು ತೆರೆಯಲು ನಾಲ್ಕು ತಿಂಗಳ ಪೂರ್ತಿ ಸಂಬಳಕ್ಕಿಂತ ಹೆಚ್ಚಿನ ಹಣ ಒಂದೇ ದಿನ ಬೇಕಾಗಿತ್ತು.

ಈ ಪಟ್ಟಿಯಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 25,960ರ ಮೇಲೆ. ಬಾಡಿಗೆ 20,000. ಅದಕ್ಕೆ ಶೇ 18ರಷ್ಟು ತೆರಿಗೆ ಸೇರಿಸಿದರೆ 23,600 ಆಗಬೇಕು. ಹೆಚ್ಚಿನ 2,360 ಎಲ್ಲಿಂದ ಬಂತು? ದಲ್ಲಾಳಿಯವರು ನಿರ್ವಹಣಾ ವೆಚ್ಚವನ್ನೂ ಬಾಡಿಗೆಗೆ ಸೇರಿಸಿ, 22,000ದ ಮೇಲೆ ತೆರಿಗೆ ಹಾಕಿದ್ದರು. ಮಾತು ಆರಂಭವಾದಾಗ ಅವರು ಹೇಳಿದ್ದು "ಒಂದು ತಿಂಗಳ ಬಾಡಿಗೆ" ಎಂದು. ಲಿಫ್ಟು, ನೀರು, ಕಾವಲುಗಾರನಿಗೆಂದು ಕೊಡುವ ಹಣ ಬಾಡಿಗೆಯಲ್ಲ. ಆದರೆ ಯಾವುದರ ಮೇಲೆ ಲೆಕ್ಕ ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಒಂದು ತಿಂಗಳ ಬಾಡಿಗೆ ಎಂಬ ದರವೂ ರೂಢಿಯೇ ಹೊರತು ಕಾನೂನು ನಿಗದಿ ಮಾಡಿದ್ದಲ್ಲ. ರೂಢಿಯ ದರಕ್ಕೆ ಚೌಕಾಶಿ ಮಾಡುವ ಹಕ್ಕು ಎರಡೂ ಕಡೆಯವರಿಗೆ ಇದೆ.

ಎರಡನೆಯದು ತೆರಿಗೆ. ದಲ್ಲಾಳಿಯ ಸೇವೆಗೆ ಶೇ 18ರಷ್ಟು ಜಿ.ಎಸ್.ಟಿ. ಇರುವುದು ನಿಜ. ಆದರೆ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ಗ್ರಾಹಕರಿಂದ ಈ ತೆರಿಗೆ ವಸೂಲು ಮಾಡುವಂತೆಯೂ ಇಲ್ಲ. ಒಬ್ಬರೇ ದ್ವಿಚಕ್ರ ವಾಹನದ ಮೇಲೆ ಓಡಾಡಿ ಮನೆ ತೋರಿಸುವವರಲ್ಲಿ ಅನೇಕರು ಈ ಮಿತಿಯ ಒಳಗೇ ಇರುತ್ತಾರೆ. ಹಾಗೆ ಇರುವುದು ತಪ್ಪಲ್ಲ. ಸರ್ಕಾರಕ್ಕೆ ಕಟ್ಟದ ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವುದು ತಪ್ಪು.

ಇದನ್ನು ತಿಳಿಯುವ ಬಗೆ ಕಷ್ಟದ್ದಲ್ಲ. ನೋಂದಾಯಿತರಾದವರಿಗೆ ಹದಿನೈದು ಅಕ್ಷರ ಮತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಕರ್ನಾಟಕದ ನೋಂದಣಿಯಾದರೆ ಅದು 29ರಿಂದ ಆರಂಭವಾಗುತ್ತದೆ. ಜಿ.ಎಸ್.ಟಿ. ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ನೋಡಿದರೆ ಅದು ಯಾರ ಹೆಸರಿನಲ್ಲಿದೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಸಂಖ್ಯೆ ಇದ್ದು, ಅದನ್ನು ನಮೂದಿಸಿದ ತೆರಿಗೆ ಬಿಲ್ಲು ಕೊಡುವವರಿಗೆ ಶೇ 18ನ್ನು ಮರುಮಾತಿಲ್ಲದೆ ಕೊಡತಕ್ಕದ್ದು. "ಬಿಲ್ಲು ಬೇಡವೆಂದರೆ ತೆರಿಗೆ ಬಿಡುತ್ತೇನೆ" ಎಂದು ನೋಂದಾಯಿತರೇ ಹೇಳಿದರೆ ಅದು ರಿಯಾಯಿತಿಯಲ್ಲ, ತೆರಿಗೆ ತಪ್ಪಿಸುವ ಆಹ್ವಾನ. ಹಣ ಕೊಟ್ಟದ್ದಕ್ಕೆ ಇರಬೇಕಾದ ಕಾಗದವೂ ಆಗ ನಮ್ಮ ಕೈಯಲ್ಲಿ ಉಳಿಯುವುದಿಲ್ಲ.

ನಮ್ಮ ಹುಡುಗ ಸಂಖ್ಯೆ ಕೇಳಿದಾಗ ದಲ್ಲಾಳಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ತೊಗೊತಾರೆ ಸರ್, ಅದಕ್ಕೇ ಹಾಕಿದ್ದೆ" ಎಂದರಂತೆ. ಅವರಿಗೆ ನೋಂದಣಿ ಇರಲಿಲ್ಲ. ತೆರಿಗೆ ಬಿಟ್ಟು, ನಿರ್ವಹಣಾ ವೆಚ್ಚವನ್ನೂ ಬಿಟ್ಟು, 20,000ಕ್ಕೆ ಒಪ್ಪಿ ರಸೀತಿ ಬರೆದುಕೊಟ್ಟರು. ಎರಡು ಪ್ರಶ್ನೆಗಳಿಂದ 5,960 ರೂಪಾಯಿ ಉಳಿಯಿತು. ಅವರನ್ನು ನಾನು ದೂರುವುದಿಲ್ಲ. ಹುಡುಗನಿಗೆ ಹನ್ನೆರಡು ಮನೆ ತೋರಿಸಿದವರು ಅವರೇ. ಆದರೆ ಒಂದು ಮಾತು ನೆನಪಿರಬೇಕು. ಬೆಂಗಳೂರಿನಲ್ಲಿ ದಲ್ಲಾಳಿಗಳು ಬಹಳ ಸಲ ಮಾಲೀಕರಿಂದಲೂ ಹಣ ಪಡೆಯುತ್ತಾರೆ. ಬಾಡಿಗೆ ಏರಿದಷ್ಟೂ ಅವರ ಪಾಲು ಏರುತ್ತದೆ. ಆದ್ದರಿಂದ ಬಾಡಿಗೆ ಇಳಿಸುವ ಕೆಲಸವನ್ನು ಬಾಡಿಗೆದಾರ ತಾನೇ ಮಾಡಿಕೊಳ್ಳಬೇಕು.

ಇಷ್ಟಾದರೂ ತಮ್ಮನ ಬಿತ್ತನೆಯ ಹಣ ಉಳಿಯುವಂತಿರಲಿಲ್ಲ. ದಲ್ಲಾಳಿಯ ಹಣ ಕಣ್ಣಿಗೆ ಚುಚ್ಚುತ್ತದೆ, ಏಕೆಂದರೆ ಅದು ಮರಳಿ ಬರುವುದಿಲ್ಲ. ಆದರೆ ಆ ದಿನದ 1,85,460ರಲ್ಲಿ ಅದು ಏಳನೆಯ ಒಂದು ಭಾಗ ಮಾತ್ರ. ಮೂರರಲ್ಲಿ ಎರಡು ಪಾಲಿನಷ್ಟು ಠೇವಣಿ. ಮರಳಿ ಬರುತ್ತದೆ ಎಂಬ ಕಾರಣಕ್ಕೆ ಅದನ್ನು ಯಾರೂ ಖರ್ಚೆಂದು ಎಣಿಸುವುದಿಲ್ಲ. ಕಡಲೆ ಬಿತ್ತುವ ಅಕ್ಟೋಬರಿನಲ್ಲಿ ಬೇಕಾದ ಹಣ ಎರಡು ವರ್ಷದ ನಂತರ ಮರಳಿ ಬಂದರೆ ರೈತನಿಗೆ ಏನು ಪ್ರಯೋಜನ? ಠೇವಣಿಯ ತೊಂದರೆ ಮೊತ್ತದಲ್ಲಿರುವಷ್ಟೇ ಅದರ ಕಾಲದಲ್ಲಿಯೂ ಇದೆ.

ಅಲ್ಲದೆ ಪೂರ್ತಿಯಾಗಿ ಮರಳುವುದೂ ಅಪರೂಪ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು ಬೆಂಗಳೂರಿನ ಕರಾರುಗಳಲ್ಲಿ ಸಾಮಾನ್ಯ. ನಮ್ಮ ಹುಡುಗನ ಕರಾರಿನಲ್ಲೂ ಅದಿತ್ತು. ಅಂದರೆ ಬರುವಾಗ ದಲ್ಲಾಳಿಗೆ 20,000, ಹೋಗುವಾಗ ಬಣ್ಣಕ್ಕೆ 20,000. ಹನ್ನೊಂದು ತಿಂಗಳಿಗೇ ಮನೆ ಬಿಟ್ಟರೆ ಈ ಎರಡರ ಭಾರ ತಿಂಗಳಿಗೆ 3,600 ರೂಪಾಯಿಗಿಂತ ಹೆಚ್ಚು. ಮೂವತ್ತಮೂರು ತಿಂಗಳು ಇದ್ದರೆ 1,200ರಷ್ಟು. ಪದೇ ಪದೇ ಮನೆ ಬದಲಿಸುವುದು ಎಷ್ಟು ದುಬಾರಿ ಎಂಬುದು ಇದರಿಂದ ತಿಳಿಯುತ್ತದೆ.

ಕಾನೂನಿನ ನೆರವು ಇದೆಯೇ ಎಂದು ಕೇಳಬಹುದು. 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಮಧ್ಯವರ್ತಿಗಳ ನೋಂದಣಿಯ ಮಾತನ್ನು ಆಡುತ್ತದೆ. ಆದರೆ ದೊಡ್ಡ ನಗರಗಳಲ್ಲಿ ಅದರ ವ್ಯಾಪ್ತಿಯನ್ನು ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಗೆ ಸೀಮಿತಗೊಳಿಸಲಾಯಿತು. ಆ ಬಾಡಿಗೆಗೆ ಬೆಂಗಳೂರಿನಲ್ಲಿ ಇಂದು ಮನೆ ಹುಡುಕುವುದು ವ್ಯರ್ಥ. ಕೇಂದ್ರ ಸಚಿವ ಸಂಪುಟ 2021ರ ಜೂನ್ ತಿಂಗಳಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳ ಠೇವಣಿಯನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡಾಗಲಷ್ಟೇ ಅದಕ್ಕೆ ಬಲ. ಆ ಮಿತಿ ಇದ್ದಿದ್ದರೆ ನಮ್ಮ ಹುಡುಗನ ಠೇವಣಿ 40,000 ಆಗುತ್ತಿತ್ತು, ತಮ್ಮನ ಹಣವನ್ನು ಮುಟ್ಟುವ ಪ್ರಸಂಗವೇ ಹೆಚ್ಚುಕಡಿಮೆ ಬರುತ್ತಿರಲಿಲ್ಲ.

ಕಾನೂನು ಇಲ್ಲದಲ್ಲಿ ಮಾತುಕತೆಯೊಂದೇ ದಾರಿ. ಮಾಲೀಕರು ನಿವೃತ್ತ ಅಧ್ಯಾಪಕರು. ನಾನೇ ಫೋನು ಮಾಡಿ, ಠೇವಣಿ ಕಡಿಮೆ ಮಾಡಿರೆಂದು ಕೇಳದೆ, ಎರಡು ಕಂತು ಮಾಡಿರೆಂದು ಕೇಳಿದೆ. ಮನೆ ಹೊಕ್ಕ ದಿನ 80,000, ನಾಲ್ಕನೆಯ ತಿಂಗಳು 40,000. ಅವರು ಒಂದು ದಿನ ಯೋಚಿಸಿ ಒಪ್ಪಿದರು. ಅದನ್ನು ಕರಾರಿನಲ್ಲಿ ಬರೆಸಿದೆವು. ಠೇವಣಿಯನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಎಷ್ಟು ಬಂದಿದೆ, ಎಷ್ಟು ಬಾಕಿ, ಮನೆ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಮರಳಿಸಬೇಕು ಎಂಬುದನ್ನೂ ಅದರಲ್ಲಿ ಸೇರಿಸಿದೆವು.

ಅಕ್ಟೋಬರ್ ಒಂದರಂದು ಬೇಕಾದದ್ದು ಕೊನೆಗೆ 1,39,500 ರೂಪಾಯಿ. ಅದರಲ್ಲಿ ಹುಡುಗನದು 95,000, ತಂದೆಯದು 44,500. ನಿಜವಾಗಿ ಉಳಿತಾಯವಾದದ್ದು 5,960 ಮಾತ್ರ. ಉಳಿದ 40,000 ಮುಂದಕ್ಕೆ ಹೋಯಿತಷ್ಟೆ. ಆದರೂ ತಮ್ಮನಿಗೆ ಆ ಮುಂದೂಡಿಕೆಯೇ ದೊಡ್ಡದು. ಕೈಯಲ್ಲಿ ಉಳಿದ 45,500ರಲ್ಲಿ ಅವನು ಹೊಲದ ಅರ್ಧಭಾಗಕ್ಕೆ ಕಡಲೆ ಬಿತ್ತಿದ. ಉಳಿದರ್ಧವನ್ನು ಸೊಸೈಟಿಯ ಸಾಲ ಬಂದ ಮೇಲೆ, ಹದಿನೈದು ದಿನ ತಡವಾಗಿ ಬಿತ್ತಿದ.

ಮೊನ್ನೆ ಅವನು ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. "ಎ.ಪಿ.ಎಂ.ಸಿ.ಯಾಗ ಒಂದು ಚೀಲ ಹೆಸರು ಹಾಕಿದರೂ ದಲ್ಲಾಳಿ ಲೆಕ್ಕಪಟ್ಟಿ ಕೊಡತಾನ. ತೂಕ ಎಷ್ಟು, ಧಾರಣಿ ಎಷ್ಟು, ಹಮಾಲಿ ಎಷ್ಟು ಅಂತ ಎಲ್ಲಾ ಬರೀತಾನ. ಎರಡು ಲಕ್ಷ ರೂಪಾಯಿ ಮನಿ ವ್ಯವಹಾರಕ್ಕ ಒಂದು ಚೀಟಿ ಇರಂಗಿಲ್ಲೇನು?" ಮನೆ ನೋಡಲು ಹೋಗುವ ಮೊದಲೇ ಆ ಚೀಟಿಯನ್ನು ಕೇಳಿ ಬರೆಸಿಕೊಳ್ಳಬೇಕು. ದಲ್ಲಾಳಿಯ ಹಣ ಯಾವುದರ ಮೇಲೆ, ತೆರಿಗೆ ಇದೆಯೇ, ಇದ್ದರೆ ನೋಂದಣಿ ಸಂಖ್ಯೆ ಯಾವುದು, ಕರಾರು ಮುರಿದರೆ ಮರಳುವುದೆಷ್ಟು, ಬೀಗದ ಕೈ ಸಿಗುವ ದಿನ ಒಟ್ಟು ಎಷ್ಟು. ಅದರ ಕೊನೆಯ ಸಾಲನ್ನು ಹುಡುಗ ಮೊದಲೇ ಓದಿದ್ದರೆ, ಬಹುಶಃ 15,000 ಬಾಡಿಗೆಯ ಮನೆಯನ್ನೇ ಹುಡುಕುತ್ತಿದ್ದ.